ಡ್ಯೂಸ್‌ನಿಂದ ಗೇಮ್ ಗೆಲ್ಲುವ ಸಂಭವನೀಯತೆ: ಬಿಡಿಸಿದ ಲೆಕ್ಕ

ದ್ವಿತೀಯ ಪಿಯುಸಿ, ಗಣಿತ, ಕಲಬುರಗಿ
(ನೀಲಿ ಪೆನ್ನು: ಲೆಕ್ಕ. ಕೆಂಪು ಪೆನ್ನು: ತಪ್ಪುವ ಜಾಗ. ಪುಟದ ಫೋಟೊ ತೆಗೆದು ಎಲ್ಲರೂ ಇಟ್ಟುಕೊಳ್ಳಿರಿ.)

ಪ್ರಶ್ನೆ. ಶಹಾಬಾದಿನ ಹುಡುಗಿ, ಬೀದರಿನ ಹುಡುಗಿ ಟೆನಿಸ್ ಆಡುತ್ತಿದ್ದಾರೆ. ಸರ್ವ್ ಶಹಾಬಾದಿನಾಕೆಯದು. ಅವಳ ಸರ್ವ್‌ನಲ್ಲಿ ಆಡಿದ 120 ಪಾಯಿಂಟ್‌ಗಳಲ್ಲಿ 72 ಅವಳಿಗೆ ಬಂದಿವೆ. ಈಗ ಸ್ಕೋರು 40-40, ಅಂದರೆ ಡ್ಯೂಸ್: ಇಲ್ಲಿಂದ ಎರಡು ಪಾಯಿಂಟಿನ ಅಂತರ ಪಡೆದವರಿಗೇ ಗೇಮ್. ಈ ಗೇಮ್ ಅವಳದಾಗುವ ಸಂಭವನೀಯತೆ ಎಷ್ಟು?

ಇಟ್ಟುಕೊಂಡದ್ದು. p = 72/120 = 0.6, q = 1 − p = 0.4. ಒಂದು ಪಾಯಿಂಟಿನ ಫಲ ಮುಂದಿನದಕ್ಕೆ ತಟ್ಟುವುದಿಲ್ಲ, ಅಂದರೆ ಘಟನೆಗಳು ಸ್ವತಂತ್ರ. ಟೆನಿಸ್‌ನಲ್ಲಿ ಗೇಮ್ ಮುಗಿಯುವ ತನಕ ಸರ್ವ್ ಒಬ್ಬರ ಕೈಯಲ್ಲೇ ಇರುವುದರಿಂದ p ಒಂದೇ ಎಂದು ಹಿಡಿಯುವುದು ಇಲ್ಲಿ ಸಲ್ಲುತ್ತದೆ.

ಡ್ಯೂಸ್‌ನಿಂದ ಗೆಲ್ಲುವ ಸಂಭವನೀಯತೆಯನ್ನು D ಅನ್ನೋಣ.

~~D = p × p = 0.36~~

ಮೇಲಿನ ಸಾಲನ್ನು ಅಳಿಸದೆ ಹೊಡೆದುಹಾಕಿ ಬಿಟ್ಟಿದ್ದೇನೆ, ಏಕೆಂದರೆ ಅರ್ಧ ತರಗತಿ ಇದನ್ನೇ ಬರೆಯುತ್ತದೆ. ಅದು ಮುಂದಿನ ಎರಡೇ ಪಾಯಿಂಟ್‌ಗಳಲ್ಲಿ ಗೆಲ್ಲುವ ಸಂಭವನೀಯತೆ. ಒಂದು ಗೆದ್ದು ಒಂದು ಸೋತರೆ ಆಟ ಮುಗಿಯುವುದಿಲ್ಲ, ಮತ್ತೆ ಡ್ಯೂಸ್‌ಗೇ ಬರುತ್ತದೆ. ಹಾಗೆ ಬರುವುದಕ್ಕೆ ದಾರಿ ಎರಡು: ಗೆದ್ದು ಸೋಲುವುದು pq, ಸೋತು ಗೆಲ್ಲುವುದು qp. ಒಟ್ಟು 2pq. (ಕೆಂಪಿನಲ್ಲಿ: 2 ಬಿಡಬೇಡಿರಿ!)

ಎರಡೆರಡು ಪಾಯಿಂಟ್‌ಗಳ ಜೋಡಿಯಾಗಿ ನೋಡಿರಿ:

ಎರಡೂ ಗೆಲುವು: p² = 0.36, ಗೇಮ್ ಅವಳದು
ಒಂದೊಂದು: 2pq = 0.48, ಮತ್ತೆ ಡ್ಯೂಸ್
ಎರಡೂ ಸೋಲು: q² = 0.16, ಗೇಮ್ ಹೋಯಿತು
ಮೊತ್ತ 1.00 ✓

ಮತ್ತೆ ಡ್ಯೂಸ್ ಆದಾಗ ಸ್ಥಿತಿ ಮೊದಲಿನದೇ. ಹಿಂದೆ ಎಷ್ಟು ಡ್ಯೂಸ್ ಆಗಿದ್ದರೂ ಅಲ್ಲಿಂದ ಗೆಲ್ಲುವ ಸಂಭವನೀಯತೆ D ಯೇ. ಇಡೀ ಲೆಕ್ಕದ ಕೀಲಿ ಇದು. ಆದ್ದರಿಂದ

D = p² + 2pq·D
D(1 − 2pq) = p²
D = p² / (1 − 2pq)

(p + q)² = 1 ಆದ್ದರಿಂದ 1 − 2pq = p² + q². ಹೀಗಾಗಿ

D = p² / (p² + q²) = 0.36 / 0.52 = 9/13 ≈ 0.6923

ಗುಣೋತ್ತರ ಶ್ರೇಢಿಯಿಂದಲೂ ಇದೇ ಬರುತ್ತದೆ: p² + (2pq)p² + (2pq)²p² + … ಮೊದಲ ಪದ p², ಸಾಮಾನ್ಯ ಅನುಪಾತ 2pq. ಇದು ಎಂದೂ 1/2 ಅನ್ನು ಮೀರದು (p = q ಆದಾಗ ಮಾತ್ರ ಸರಿಯಾಗಿ 1/2), ಹೀಗಾಗಿ ಅನಂತ ಮೊತ್ತ ತೆಗೆಯಲು ಅಡ್ಡಿಯಿಲ್ಲ. ಗೇಮ್ ಎಂದೂ ಮುಗಿಯದೆ ಉಳಿಯುವ ಸಂಭವನೀಯತೆ ಸೊನ್ನೆ ಎಂಬುದೂ ಇದರಲ್ಲೇ ಇದೆ. ಹತ್ತು ಪಾಯಿಂಟ್ ಆಡಿಯೂ ಡ್ಯೂಸ್‌ನಲ್ಲೇ ಇರುವುದು 0.48⁵ ≈ 0.025. ಸರಾಸರಿಯಲ್ಲಿ ಇನ್ನು 2/0.52 ≈ 3.85 ಪಾಯಿಂಟ್ ಆಡಬೇಕಾಗುತ್ತದೆ.

ತಾಳೆ. p = 1/2 ಹಾಕಿದರೆ D = 1/2. p = 1 ಆದರೆ 1. ಎದುರಾಳಿಯ ಕಡೆಯಿಂದ q²/(p² + q²) = 4/13, ಕೂಡಿದರೆ 1. ಈ ಮೂರರಲ್ಲಿ ಒಂದು ತಪ್ಪಿದರೂ ಸೂತ್ರ ತಪ್ಪು.

ಬಾಯಿಲೆಕ್ಕ. ಒಂದು ಪಾಯಿಂಟಿನ ಗೆಲುವು-ಸೋಲಿನ ಅನುಪಾತ 3:2. ಡ್ಯೂಸ್‌ನಿಂದ ಅದು ವರ್ಗವಾಗಿ 9:4. ಅಷ್ಟೇ! p = 2/3 ಇದ್ದರೆ 2:1 ಹೋಗಿ 4:1, ಅಂದರೆ 0.8. ನನ್ನ ಮಟ್ಟಿಗೆ ಸೂತ್ರಕ್ಕಿಂತ ಇದೇ ಚೆಂದ, ಮರೆಯುವುದೂ ಇಲ್ಲ.

ಬೇರೆ ಸಮ ಸ್ಕೋರುಗಳು (p = 0.6 ಕ್ಕೆ)

30-30 ಕ್ಕೆ ಬೇರೆ ಲೆಕ್ಕ ಬೇಡ. ಅಲ್ಲಿಂದಲೂ ಎರಡು ಪಾಯಿಂಟಿನ ಅಂತರ ಬೇಕು. 40-30 ಎಂದರೆ ಅಡ್ವಾಂಟೇಜ್, ಅಂದರೆ ಡ್ಯೂಸ್ ಆದಮೇಲೆ ಒಂದು ಪಾಯಿಂಟ್ ಮುಂದೆ, ಇದ್ದಂತೆಯೇ. ಉತ್ತರ 0.6923.

15-15 ರಲ್ಲಿ ಇಬ್ಬರಿಗೂ ಮೂರು ಮೂರು ಪಾಯಿಂಟ್ ಬೇಕು:
p³ + 3p³q + 6p²q²·D = 0.2160 + 0.2592 + 0.3456 × 0.6923 ≈ 0.7145

ಎರಡನೆಯ ಪದದಲ್ಲಿ 4 ಬರೆಯಬೇಡಿರಿ. ನಾಲ್ಕು ಪಾಯಿಂಟ್ ಆಡಿ ಗೆಲ್ಲುವಾಗ ಕೊನೆಯದು ಗೆದ್ದದ್ದೇ ಆಗಿರಬೇಕು. ಸೋತದ್ದು ಮೊದಲ ಮೂರರಲ್ಲಿ ಎಲ್ಲೋ ಒಂದು, ಅದಕ್ಕೇ 3.

0-0 ಯಿಂದ: p⁴(1 + 4q + 10q²) + 20p³q³·D = 0.5443 + 0.1914 = 0.7357

ಸ್ಕೋರು ಸಮವೇ ಇದ್ದರೂ ಆಟ ಉಳಿದಷ್ಟೂ ಬಲಶಾಲಿಗೆ ಲಾಭ: 0.7357, 0.7145, 0.6923. ಡ್ಯೂಸ್ ಆದಮೇಲೆ ಒಂದೇ ಪಾಯಿಂಟಿನಲ್ಲಿ ತೀರ್ಮಾನಿಸುವ ನಿಯಮವಿದ್ದರೆ ಅದು ಬರೀ 0.6 ಕ್ಕೆ ಇಳಿಯುತ್ತದೆ.

ಟೇಬಲ್ ಟೆನಿಸ್, 10-10. ಇಲ್ಲಿಂದ ಸರ್ವ್ ಒಂದೊಂದು ಪಾಯಿಂಟಿಗೆ ಬದಲಾಗುತ್ತದೆ, ಒಂದೇ p ಸಾಲದು. ತನ್ನ ಸರ್ವ್‌ನಲ್ಲಿ a, ಎದುರಾಳಿಯ ಸರ್ವ್‌ನಲ್ಲಿ b ಎಂದಿಟ್ಟರೆ ಜೋಡಿಯ ಲೆಕ್ಕ ಹಾಗೇ ನಡೆಯುತ್ತದೆ:

D = ab / (ab + (1 − a)(1 − b))

a = 0.65, b = 0.55 ಆದರೆ 0.3575/0.515 ≈ 0.694. ಮೊದಲ ಸರ್ವ್ ಯಾರದಾದರೂ ಉತ್ತರ ಬದಲಾಗದು, ಜೋಡಿಯಲ್ಲಿ ಎರಡೂ ಬಂದೇ ಬರುತ್ತವೆ.

ಬ್ಯಾಡ್ಮಿಂಟನ್, 20-20. 21 ಪಾಯಿಂಟಿನ ಪದ್ಧತಿಯಲ್ಲಿ ಎರಡರ ಅಂತರ ಬೇಕು, ಆದರೆ 29-29 ಆದರೆ 30ನೇ ಪಾಯಿಂಟ್ ಗೆದ್ದವರದು. ಶ್ರೇಢಿ ಅನಂತವಲ್ಲ. 20-20 ರಿಂದ 28-28 ರ ತನಕ ಒಂಬತ್ತು ಜೋಡಿ, ಆಮೇಲೆ ಒಂದು ಪಾಯಿಂಟ್ (ಎಂಟು ಎಂದು ಎಣಿಸುವವರೇ ಹೆಚ್ಚು, ಬೆರಳಿಟ್ಟು ಎಣಿಸಿರಿ):

p²·(1 − (2pq)⁹)/(1 − 2pq) + (2pq)⁹·p

0.48⁹ ≈ 0.00135. ಉತ್ತರ 0.6922, ಟೆನಿಸ್‌ಗಿಂತ ನಾಲ್ಕನೇ ದಶಮಾಂಶದಲ್ಲಿ ಮಾತ್ರ ಕಡಿಮೆ. ಆದರೆ ಇದು ಪ್ರತಿ ರ‍್ಯಾಲಿಗೂ p ಒಂದೇ ಎಂದು ಹಿಡಿದ ಲೆಕ್ಕ. ರ‍್ಯಾಲಿ ಗೆದ್ದವರೇ ಮುಂದೆ ಸರ್ವ್ ಮಾಡುತ್ತಾರೆ. ಸರ್ವ್‌ನಲ್ಲಿ a, ರಿಸೀವ್‌ನಲ್ಲಿ b ಬೇರೆಯಾದರೆ ಟೇಬಲ್ ಟೆನಿಸ್ ಸೂತ್ರ ಇಲ್ಲಿ ನಡೆಯದು. ಸಮ ಸ್ಕೋರಿನಲ್ಲಿ ಸರ್ವ್ ನಮ್ಮದಿದ್ದರೆ S, ಅವರದಿದ್ದರೆ R ಎಂದು ಎರಡು ಅಜ್ಞಾತ ಬೇಕು. 30 ರ ಮಿತಿ ಬಿಟ್ಟು ಬರೆದರೆ:

S = a² + a(1 − a)R + (1 − a)b·S
R = ab + b(1 − a)R + (1 − b)b·S

ಉತ್ತರ ಬರೆಯುವ ಮುನ್ನ. 0.6 ಎಂಬುದು 120 ಪಾಯಿಂಟ್ ಎಣಿಸಿ ಬಂದ ಅಂದಾಜು. ಅದರ ಮಾನಕ ದೋಷ √(0.6 × 0.4/120) ≈ 0.045. p = 0.555 ಹಾಕಿದರೆ D = 0.609, p = 0.645 ಹಾಕಿದರೆ 0.768. ಪರೀಕ್ಷೆಯಲ್ಲಿ p = 0.6 ಎಂದು ಕೊಟ್ಟಿದ್ದರೆ 9/13 ಬರೆಯಿರಿ. ಮೈದಾನದ ಪಕ್ಕ ನಿಂತು ಕೋಚ್ ಕೇಳಿದರೆ "ನೂರಕ್ಕೆ ಸುಮಾರು ಎಪ್ಪತ್ತು, ಆದರೆ ಅರವತ್ತೊಂದೂ ಇರಬಹುದು, ಎಪ್ಪತ್ತೇಳೂ ಇರಬಹುದು" ಅನ್ನಿರಿ.