ಉದ್ರಿ

ನಿಪ್ಪಾಣಿ ಬಸ್ ಸ್ಟ್ಯಾಂಡ್ ಹತ್ತಿರದ ಓಣಿಯಲ್ಲಿ ಶಿವಪ್ಪನ ಕಿರಾಣಿ ಅಂಗಡಿ. ಕೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರ್, ಬೆಳಗಾವಿ ಅದಕ್ಕಿಂತ ದೂರ. ಹಾಗಾಗಿ ಲೈಸೆನ್ಸು ಈ ಕಡೆಯದು, ಮಾಲು ಆ ಕಡೆಯದು.

ಇವತ್ತು ಅಮಾವಾಸ್ಯೆ. ಆದಮಾಪುರದ ಬಾಳುಮಾಮಾನ ದರ್ಶನಕ್ಕೆ ಹೊರಟವರು ಬೆಳಗ್ಗೆಯೇ ಬಾಗಿಲಿಗೆ ಬಂದು ನಿಂತಿದ್ದರು.

"ಸಾವಕಾರ್ರ, ಭಂಡಾರ ಚಲೋ ಐತಿಲ್ರಿ?"

"ಚಲೋ ಐತಿ ತಗೋರಿ. ಕೈಗೆ ಹಚ್ಚಿ ನೋಡ್ರಿ."

ಅವರ ಪಕ್ಕದಲ್ಲೇ ಇನ್ನೊಬ್ಬಾಕೆ, "ಶೇಟ್, ನಾರಳ ಕಿತೀಲಾ?"

"ಚಾಳೀಸ. ಹಲವೂನ ಬಗಾ, ಪಾಣೀ ಭರಪೂರ."

ಆಕೆ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಇನ್ನೊಂದನ್ನು ಅಲ್ಲಾಡಿಸಿದಳು. ಕೊನೆಗೆ ಮೊದಲಿನದನ್ನೇ ತಗೊಂಡಳು. ಅಷ್ಟರಲ್ಲಿ ಬೀಡಿ ಕಟ್ಟುವ ಮೆಹಬೂಬಿ ಚಾಚಿ ಪಾವ್ ಕಿಲೋ ತೊಗರಿ ಬೇಳೆ ಕೇಳಿದಳು. "ಪೈಸೇ ಶನಿಚರ್ ಕೋ, ಭಾಯ್."

"ಲೇವ್ ಚಾಚಿ, ಲೇವ್."

ಶನಿವಾರ ಅಂದರೆ ಶನಿವಾರವೇ. ಬೀಡಿ ಕೂಲಿ ಕೈಗೆ ಬಂದ ದಿನ ಚಾಚಿ ಮನೆಗೆ ಹೋಗುವ ಮೊದಲು ಅಂಗಡಿಗೆ ಬರುತ್ತಾಳೆ. ಶಿವಪ್ಪ ಅವಳ ಲೆಕ್ಕವನ್ನು ವಹಿಯಲ್ಲಿ ಬರೆಯುವುದೂ ಇಲ್ಲ.

ಬರೆಯಬೇಕಾದದ್ದು ಮಾರುತಿಯ ಲೆಕ್ಕ. ಟೆಂಪೋ ಓಡಿಸುವವ, ಮನೆಮಾತು ಮರಾಠಿ. ರೊಕ್ಕ ಕೊಡುವ ದಿನ ದೂರದಿಂದಲೇ "ಕಾಯ ಶೇಟ್!" ಅಂತ ಕೂಗಿಕೊಂಡು ಬರುತ್ತಾನೆ. ಉದ್ರಿ ಬೇಕಾದ ದಿನ ಮಾತ್ರ ಮೆಲ್ಲಗೆ ಕಟ್ಟೆ ಹತ್ತಿ, ತನಗೆ ಬಂದಷ್ಟು ಕನ್ನಡದಲ್ಲಿ "ಅಣ್ಣಾ, ಆರಾಮ ಇದ್ದೀರಿ?" ಅನ್ನುತ್ತಾನೆ. ಆ 'ಆರಾಮ' ಕೇಳಿದರೆ ಸಾಕು, ಶಿವಪ್ಪನ ಕೈ ತಾನಾಗಿಯೇ ವಹಿಯ ಕಡೆ ಹೋಗುತ್ತದೆ.

ಇಲ್ಲ ಅನ್ನಲು ಶಿವಪ್ಪನದೂ ಒಂದು ದಾರಿ ಇದೆ. ಕನ್ನಡದಲ್ಲಿ ಅಂದರೆ ಮನಸ್ಸಿಗೆ ಹತ್ತುತ್ತದೆ. ಮರಾಠಿಯಲ್ಲಿ ಅಂದರೆ ಜಗಳಕ್ಕೆ ಬಂದಂತೆ ಕಾಣುತ್ತದೆ. ಅದಕ್ಕೇ ಮಾರುತಿಯಂಥವರಿಗೆ ಹಿಂದಿ. "ಭಾಯೀ, ಹಿಸಾಬ್ ಬಹುತ್ ಹೋ ಗಯಾ. ಮಾಲಿಕ್ ನಹೀಂ ಮಾನೇಗಾ." ಅಂಗಡಿಗೆ ಮಾಲಿಕ ತಾನೇ. ಆದರೂ ಹಿಂದಿ ಶುರುವಾದ ಕೂಡಲೇ ಎಲ್ಲೋ ಒಬ್ಬ ಕಟುಕ ಮಾಲಿಕ ಹುಟ್ಟಿಕೊಳ್ಳುತ್ತಾನೆ. ಬಯ್ಯುವವರು ಅವನನ್ನೇ ಬೈದುಕೊಂಡು ಹೋಗುತ್ತಾರೆ.

ಮಧ್ಯಾಹ್ನ ಗದ್ದಲ ಇಳಿದಿತ್ತು. ಹೊಸದಾಗಿ ವರ್ಗವಾಗಿ ಬಂದ ಹಾಸನದ ಹುಡುಗಿಯೊಬ್ಬಳು ಸೋಪು ಕೇಳಿದಳು, ಅದೂ ಕಷ್ಟಪಟ್ಟು ಹಿಂದಿಯಲ್ಲಿ. "ಕನ್ನಡದಾಗ ಹೇಳ್ರೆವಾ" ಅಂದಾಗ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಬೇಡದ ಬಿಸ್ಕಿಟನ್ನೂ ತಗೊಂಡು ಹೋದಳು.

ಅವಳ ಹಿಂದೆಯೇ ಮಾರುತಿ. ಇಸ್ತ್ರಿ ಮಾಡಿದ ಅಂಗಿ. ಮೆಲ್ಲಗೆ ಕಟ್ಟೆ ಹತ್ತಿದ.

"ಅಣ್ಣಾ, ಆರಾಮ ಇದ್ದೀರಿ? ಊಟ ಆಯ್ತು ನೀವು? ಮನಿಯಾಗ ಎಲ್ಲಾರೂ ಚಲೋ?"

ಇವತ್ತು ಕನ್ನಡ ಜಾಸ್ತಿಯೇ ಇತ್ತು. ಹಾಗಾದರೆ ಉದ್ರಿಯೂ ದೊಡ್ಡದೇ. ವಹಿಯಲ್ಲಿ ಆಗಲೇ 1,840 ರೂಪಾಯಿ ನಿಂತಿದೆ. ಶಿವಪ್ಪ ಗಂಟಲು ಸರಿ ಮಾಡಿಕೊಂಡ.

"ಭಾಯೀ, ಮಾಲಿಕ್ ಬೋಲಾ ಹೈ..."

"ನಾಹೀ ಹೋ ಶೇಟ್, ಐಕಾ ತರೀ!" ಮಾರುತಿ ನಡುವೆಯೇ ತಡೆದ. ಮತ್ತೆ ಹುಡುಕಿ ಹುಡುಕಿ ಕನ್ನಡಕ್ಕೇ ಬಂದ. "ಬರೋಬ್ಬರ್ ಹೇಳಿದೆ ಏನು, ಅಷ್ಟು ಹೇಳ್ರಿ. ಪೋರಿದು ಲಗ್ನ ಜಮ್ಯಾದ. ಗೋಕಾಕ ಕಡೆ ಮಂದಿ. ಅವರಿಗೆ ಮರಾಠಿ ಬರೂದಿಲ್ಲ. ರವಿವಾರ ಬರ್ತಾರ."

ಶಿವಪ್ಪನ ಬಾಯಲ್ಲಿದ್ದ ಮಾಲಿಕ ಅಲ್ಲೇ ಉಳಿದ.

"ಅಲ್ಲೋ, ಸಂಗೀತಾದು? ಮೊನ್ನೆ ಚಾಕಲೇಟಿಗೆ ಅಳ್ತಿದ್ಲಲ್ಲೋ!"

"ಬಿ.ಕಾಂ ಆಯ್ತು ಅಣ್ಣಾ. ನೀವು ಬರಬೇಕು. ನಮ್ಮ ಕಡಿಂದ ಮಾತಾಡೂದು ನೀವೇ. ನಾನು 'ಊಟ ಆಯ್ತು' ಅಂದಮ್ಯಾಗ ಮುಂದ ಏನು ಅಂತ ಗೊತ್ತಿಲ್ಲ."

"ಮುಂದ ಅವರೇ ಮಾತಾಡ್ತಾರೋ, ನೀ ಸುಮ್ನ ಕುಂದ್ರು." ಶಿವಪ್ಪ ಸ್ಟೂಲು ಮುಂದಕ್ಕೆ ತಳ್ಳಿದ. "ಮೊದಲು 'ಬರ್ರಿ, ಕೂಡ್ರಿ' ಅನ್ನು. ನೀರು ಕೊಡು. ಬೀಗರು ಬಂದಾರಂದ್ರ ಊಟದ ಮಾತು ಆಮ್ಯಾಲ. ಅನ್ನು ನೋಡೋಣ."

"ಬರ್ರಿ. ಕೂಡ್ರಿ."

"ಹಂಗ ಪೊಲೀಸರ ಗತಿ ಅನ್ನಬ್ಯಾಡೋ! ನಕ್ಕೊಂತ ಅನ್ನು."

ಮಾರುತಿ ನಗುತ್ತಾ ಅಂದ. ಎರಡು ಸಲ ಅಂದ. ಆಮೇಲೆ ಬೆವರು ಒರೆಸಿಕೊಂಡು ಎದ್ದ. ಒಂದು ಗಳಿಗೆ ಚೀಲಗಳನ್ನು ನೋಡುತ್ತಾ ನಿಂತ.

"ಶೇಟ್," ಅಂದ. ಈ ಸಲ ಅಪ್ಪಟ ಮರಾಠಿ. "ಪಾಚ ಕಿಲೋ ಸಾಖರ ದ್ಯಾ. ದೋನ ಕಿಲೋ ರವಾ. ಲಿಹೂನ ಠೇವಾ."

ಶಿವಪ್ಪ ಬಾಯಿ ತೆರೆದ. ಮರಾಠಿಯಲ್ಲಿ ಉದ್ರಿ ಕೇಳಿದರೆ ಏನನ್ನಬೇಕು ಅಂತ ಅವನಿಗೆ ಅಭ್ಯಾಸವೇ ಇರಲಿಲ್ಲ. ವಹಿ ತೆಗೆದು ಬರೆದ. ಸಕ್ಕರೆ ತೂಗಿದ, ಮೇಲೆ ಒಂದು ಹಿಡಿ ಹಾಕಿದ.

"ಆಣಿ ಗೂಳ ಏಕ ಕಿಲೋ," ಅಂದ ಮಾರುತಿ, ಧೈರ್ಯ ಬಂದು.

"ಗೂಳ ರೋಖ," ಅಂದ ಶಿವಪ್ಪ.