ಕಿವಿ, ಮೂಗು, ಗಂಟಲಿನ ತುರ್ತುಸ್ಥಿತಿಗಳು: ಕಿರು ಪ್ರಸಂಗಗಳ ಪ್ರಶ್ನೆಪತ್ರಿಕೆ, ಮಾದರಿ ಉತ್ತರಗಳೊಂದಿಗೆ

ಎಂಬಿಬಿಎಸ್ ಆಂತರಿಕ ಪರೀಕ್ಷೆ, ಶಿವಮೊಗ್ಗ
ಸಮಯ: 40 ನಿಮಿಷ. ಅಂಕ: 25

ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿ. ಮೊದಲು ಮಾಡಬೇಕಾದ್ದನ್ನು ಮೊದಲು ಬರೆಯಿರಿ, ಕ್ರಮಕ್ಕೂ ಅಂಕವಿದೆ.

ಪ್ರಶ್ನೆ 1 (8 ಅಂಕ)
ಹೊಸನಗರದ ಹತ್ತಿರದ ಹಳ್ಳಿಯ ಮೂರು ವರ್ಷದ ಮಗು ಸಂಜೆ 5ಕ್ಕೆ ಟಿವಿ ರಿಮೋಟ್ ಬಿಚ್ಚಿಕೊಂಡು ಆಡುತ್ತಿತ್ತು. ಆಮೇಲಿಂದ ಜೊಲ್ಲು ಸುರಿಸುತ್ತಿದೆ, ಹಾಲು ಕುಡಿಯುತ್ತಿಲ್ಲ. 6ಕ್ಕೆ ತಾಲ್ಲೂಕು ಆಸ್ಪತ್ರೆಗೆ ಬಂತು. ಉಸಿರಾಟ ಸರಿಯಿದೆ. ಎಕ್ಸ್‌ರೇಯಲ್ಲಿ ಕತ್ತಿನ ಬುಡದಲ್ಲಿ ದುಂಡು ನೆರಳು. "ನಾಣ್ಯ ಇರಬೇಕು ಸಾರ್, ಬೆಳಿಗ್ಗೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತೀವಿ" ಎನ್ನುತ್ತಾರೆ ತಂದೆ.
(ಅ) ನಾಣ್ಯವೋ ಬಟನ್ ಬ್ಯಾಟರಿಯೋ, ಹೇಗೆ ತಿಳಿಯುವಿರಿ? (ಆ) ಬೆಳಗಿನವರೆಗೆ ಏಕೆ ಕಾಯಬಾರದು? (ಇ) ಆಂಬ್ಯುಲೆನ್ಸ್‌ನಲ್ಲಿ ಏನು ಮಾಡುವಿರಿ?

ಪ್ರಶ್ನೆ 2 (6 ಅಂಕ)
ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಕೆಲಸಗಾರ, 28 ವರ್ಷ. ಹಳ್ಳದ ನೀರಲ್ಲಿ ಮುಖ ತೊಳೆಯುವ ರೂಢಿ. ಹತ್ತು ದಿನದಿಂದ ಎಡ ಹೊಳ್ಳೆಯಲ್ಲಿ ಮಾತ್ರ ಆಗಾಗ ರಕ್ತ, ಒಳಗೆ ಏನೋ ಹರಿದಾಡಿದಂತೆ. ರೋಗ ಯಾವುದು, ಹೇಗೆ ತೆಗೆಯುವಿರಿ?

ಪ್ರಶ್ನೆ 3 (5 ಅಂಕ)
ಫೆಬ್ರವರಿ. ಕಾಡಿನಲ್ಲಿ ತರಗೆಲೆ ಗುಡಿಸುವ 45ರ ಮಹಿಳೆಗೆ ಐದು ದಿನದಿಂದ ಜ್ವರ, ವಿಪರೀತ ತಲೆನೋವು, ಮೈಕೈ ನೋವು. ಈಗ ಎರಡೂ ಹೊಳ್ಳೆಯಿಂದ ರಕ್ತ. ಪ್ಲೇಟ್‌ಲೆಟ್ 38,000. ಈ ಮೂಗಿನ ರಕ್ತಸ್ರಾವವನ್ನು ಬೇರೆಯಾಗಿ ನೋಡಬೇಕಾದ್ದೇಕೆ?

ಪ್ರಶ್ನೆ 4 (4 ಅಂಕ)
ಸಕ್ಕರೆ ಕಾಯಿಲೆಯ 48ರ ಗಂಡಸು. ನಿನ್ನೆಯಿಂದ ಗಂಟಲು ನೋವು, ಎಂಜಲೂ ನುಂಗಲಾಗದು. ಟಾನ್ಸಿಲ್ ನೋಡಲು ಸರಿಯಾಗಿಯೇ ಇವೆ. ಮುಂದಕ್ಕೆ ಬಾಗಿ ಕೂತಿದ್ದಾರೆ, ಉಸಿರೆಳೆದಾಗ ಸೀಟಿಯಂಥ ಸದ್ದು. ಏನು ಮಾಡಬಾರದು, ಏನು ಮಾಡಬೇಕು?

ಪ್ರಶ್ನೆ 5 (2 ಅಂಕ)
ಭದ್ರಾವತಿಯ 40ರ ಮಹಿಳೆ. ಬೆಳಿಗ್ಗೆ ಏಳುವಾಗ ಬಲಗಿವಿ ಮುಚ್ಚಿದಂತೆ, ಗುಂಯ್ ಎನ್ನುವ ಸದ್ದು. ಕಿವಿ ಪರದೆ ಚೆನ್ನಾಗಿದೆ. ವೆಬರ್ ಪರೀಕ್ಷೆಯಲ್ಲಿ ಸದ್ದು ಎಡಕ್ಕೆ ಕೇಳುತ್ತದೆ. ಮುಂದೆ?

ಮಾದರಿ ಉತ್ತರಗಳು

1. (ಅ) ಎದುರಿನಿಂದ ತೆಗೆದ ಚಿತ್ರದಲ್ಲಿ ಬ್ಯಾಟರಿಗೆ ಜೋಡಿ ಉಂಗುರ ಕಾಣುತ್ತದೆ. ಪಕ್ಕದಿಂದ ತೆಗೆದದ್ದರಲ್ಲಿ ಅಂಚು ಮೆಟ್ಟಿಲಿನಂತೆ. ನಾಣ್ಯಕ್ಕೆ ಇವೆರಡೂ ಇಲ್ಲ. ಅನುಮಾನ ಉಳಿದರೆ ಬ್ಯಾಟರಿ ಎಂದೇ ನಡೆದುಕೊಳ್ಳಿ. (2)
(ಆ) ಒದ್ದೆ ಲೋಳೆಪೊರೆಗೆ ತಾಗಿದ ಕೂಡಲೇ ವಿದ್ಯುತ್ ಹರಿದು ಋಣಧ್ರುವದ ಬಳಿ ಹೈಡ್ರಾಕ್ಸೈಡ್ ಉಂಟಾಗುತ್ತದೆ. ಈ ಕ್ಷಾರವೇ ಅನ್ನನಾಳವನ್ನು ಸುಡುವುದು. ಎರಡು ಗಂಟೆಯೊಳಗೇ ಗಂಭೀರ ಗಾಯವಾಗಬಲ್ಲದು. "ಬ್ಯಾಟರಿ ಸೋರಿ ವಿಷವಾಗುತ್ತದೆ" ಎಂದಷ್ಟೇ ಬರೆದರೆ ಅರ್ಧ ಅಂಕ: ಸೋರದ ಬ್ಯಾಟರಿಯೂ, ರಿಮೋಟ್‌ಗೆ ಸಾಲದಷ್ಟು ಸವೆದದ್ದೂ ಸುಡುತ್ತದೆ. ತೆಗೆದ ಮೇಲೂ ಗಾಯ ಆಳವಾಗುತ್ತಾ ಹೋಗಿ ಶ್ವಾಸನಾಳಕ್ಕೆ ತೂತು, ಧ್ವನಿತಂತುವಿನ ಪಾರ್ಶ್ವವಾಯು, ವಾರಗಳ ನಂತರ ಮಹಾಪಧಮನಿಯಿಂದ ರಕ್ತಸ್ರಾವ ಆಗಬಹುದು. (3)
(ಇ) ಹೊರಡುವ ಮುಂಚೆಯೇ ಫೋನ್ ಮಾಡಿ ಎಂಡೋಸ್ಕೋಪಿ, ಅರಿವಳಿಕೆ ತಂಡವನ್ನು ಸಿದ್ಧವಿರಿಸಿ. ಮಗು ಒಂದು ವರ್ಷ ದಾಟಿದೆ, ನುಂಗಿ 12 ಗಂಟೆಯಾಗಿಲ್ಲ, ನುಂಗಲು ಆಗುತ್ತಿದ್ದರೆ 10 ಮಿಲಿ ಜೇನುತುಪ್ಪ, ಹತ್ತು ನಿಮಿಷಕ್ಕೊಮ್ಮೆ, ಹೆಚ್ಚೆಂದರೆ ಆರು ಸಲ. ಬೇರೇನೂ ಬಾಯಿಗೆ ಬೇಡ, ವಾಂತಿ ಮಾಡಿಸಬೇಡಿ. ಮಲೆನಾಡಿನಲ್ಲಿ ಜೇನಿಗೆ ಬರವಿಲ್ಲ, ಆದರೂ ಅದನ್ನು ಹುಡುಕಲು ಗಾಡಿ ನಿಲ್ಲಿಸುವಂತಿಲ್ಲ. (3)

2. ಮೂಗಿನೊಳಗೆ ಜಿಗಣೆ. ಕಾಲಿಗೆ ಹತ್ತುವ ಇಂಬಳವಲ್ಲ, ಹಳ್ಳದ ನೀರಿನದು. (1) ರೋಗಿಯನ್ನು ಮುಂದಕ್ಕೆ ಬಾಗಿಸಿ ಕೂರಿಸಿ. ಮಲಗಿಸಿದರೆ ಅದು ಜಾರಿ ಗಂಟಲಿಗೆ, ಅಲ್ಲಿಂದ ಶ್ವಾಸನಾಳಕ್ಕೆ ಹೋಗಬಹುದು. (1) 4% ಲಿಗ್ನೋಕೇನ್ ಸ್ಪ್ರೇ ಹೊಡೆದು ಕೆಲವು ನಿಮಿಷ ಬಿಡಿ, ಹಿಡಿತ ಸಡಿಲುತ್ತದೆ. ನಂತರ ಹೆಡ್‌ಲೈಟ್‌ನ ಬೆಳಕಿನಲ್ಲಿ ಫೋರ್ಸೆಪ್ಸ್‌ನಿಂದ ಗಟ್ಟಿಯಾಗಿ ಹಿಡಿದು ನಿಧಾನಕ್ಕೆ ಎಳೆಯಿರಿ. ಕಚ್ಚಿಕೊಂಡಿರುವಾಗಲೇ ಜಗ್ಗಿದರೆ ತುಂಡಾಗಿ ಒಂದು ಭಾಗ ಒಳಗುಳಿಯುತ್ತದೆ. (2) ಹೊರಬಂದದ್ದು ಇಡಿಯಾಗಿದೆಯೇ ನೋಡಿ, ಮೂಗಿನ ಹಿಂಭಾಗವನ್ನೂ ಪರೀಕ್ಷಿಸಿ, ಇನ್ನೊಂದು ಇರಬಹುದು. (1) ಹಿರುಡಿನ್‌ನಿಂದಾಗಿ ರಕ್ತ ಸ್ವಲ್ಪ ಹೊತ್ತು ಒಸರುತ್ತದೆ: ಮೂಗಿನ ಮೆತ್ತನೆಯ ಭಾಗವನ್ನು 10-15 ನಿಮಿಷ ಬಿಡದೆ ಒತ್ತಿ. ಹಿಮೋಗ್ಲೋಬಿನ್ ನೋಡಿ. (1)

3. ಮಂಗನ ಕಾಯಿಲೆಯ ಅನುಮಾನ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ವೈರಸ್, ಉಣುಗಿನಿಂದ ಹರಡುವುದು, ಮಳೆಗಾಲಕ್ಕೆ ಮುಂಚಿನ ಒಣ ತಿಂಗಳುಗಳಲ್ಲಿ ಹೆಚ್ಚು. (2) ಇಲ್ಲಿ ರಕ್ತನಾಳ ಒಂದೆಡೆ ಒಡೆದದ್ದಲ್ಲ, ಪೊರೆಯೆಲ್ಲ ಒಸರುತ್ತಿದೆ. ಸುಟ್ಟರೆ, ಒರಟು ಗಾಜ್ ತುರುಕಿದರೆ ತೆಗೆಯುವಾಗ ಹೊಸ ಗಾಯ. ಮೊದಲು ಒತ್ತುವುದು, ನಿಲ್ಲದಿದ್ದರೆ ಕರಗುವ ಜೆಲಾಟಿನ್ ಸ್ಪಾಂಜ್. (2) ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಆಸ್ಪಿರಿನ್, ಡೈಕ್ಲೋಫೆನಾಕ್, ಸೊಂಟದ ಇಂಜೆಕ್ಷನ್ ಬೇಡ. ಆರ್‌ಟಿ-ಪಿಸಿಆರ್‌ಗೆ ರಕ್ತ ಕಳಿಸಿ, ಡೆಂಗಿಯನ್ನೂ ಪರೀಕ್ಷಿಸಿ. (1)

4. ಎಪಿಗ್ಲಾಟೈಟಿಸ್. ಮಲಗಿಸಬಾರದು, ಎಕ್ಸ್‌ರೇ ಕೋಣೆಗೆ ಒಬ್ಬರನ್ನೇ ಕಳಿಸಬಾರದು. ಕೂತಂತೆಯೇ ಆಮ್ಲಜನಕ, ಅಡ್ರಿನಲಿನ್ ನೆಬ್ಯುಲೈಸೇಶನ್, ರಕ್ತನಾಳಕ್ಕೆ ಸೆಫ್ಟ್ರಿಯಾಕ್ಸೋನ್ 2 ಗ್ರಾಂ. ಟ್ಯೂಬ್ ಹಾಕುವಾಗ ಅನುಭವಿಗಳಿರಲಿ. ಪಕ್ಕದಲ್ಲೇ 10ನೇ ನಂಬರ್ ಬ್ಲೇಡ್, ಬೂಜಿ, 6ರ ಕಫ್ ಟ್ಯೂಬ್: ಬಾಯಿಂದ ಆಗದಿದ್ದರೆ ಕ್ರೈಕೋಥೈರಾಯ್ಡ್ ಪೊರೆ ಕೊಯ್ದು ದಾರಿ ಮಾಡಲು. ಟಾನ್ಸಿಲ್ ಸರಿಯಿದೆ ಎಂದು ಮಾತ್ರೆ ಕೊಟ್ಟು ಮನೆಗೆ ಕಳಿಸಿದ ಉತ್ತರಕ್ಕೆ ಸೊನ್ನೆ.

5. ಹಠಾತ್ ನರ ಸಂಬಂಧಿ ಕಿವುಡು. ಗುಗ್ಗೆ ಕರಗಿಸುವ ಹನಿ ಕೊಟ್ಟು ವಾರ ಕಾಯಬಾರದು. ಅಂದೇ ಆಡಿಯೋಗ್ರಾಂ, ಸಕ್ಕರೆ ಪರೀಕ್ಷಿಸಿ ಪ್ರೆಡ್ನಿಸೊಲೋನ್ ಕಿಲೋಗೆ 1 ಮಿಗ್ರಾಂ, ಗರಿಷ್ಠ 60 ಮಿಗ್ರಾಂ. ಮೊದಲ ಎರಡು ವಾರದೊಳಗೆ ಆರಂಭಿಸಿದರೆ ಫಲ ಹೆಚ್ಚು. ನರದ ಗಡ್ಡೆ ಇಲ್ಲವೆಂದು ಖಚಿತಪಡಿಸಲು ಆಮೇಲೆ ಎಂಆರ್‌ಐ.