ಲೀಗಲ್ ನೋಟಿಸಿಗೆ ಉತ್ತರ

ಗದಗ
18-08-2025

ರಿಜಿಸ್ಟರ್ಡ್ ಅಂಚೆ ಮೂಲಕ

ಇವರಿಗೆ,
ಶಾಲಾ ಆಡಳಿತ ಮಂಡಳಿಯ ಪರ ವಕೀಲರು, ಗದಗ

ವಿಷಯ: 2025-26ರ ಶಾಲಾ ಡೈರಿ ಮುದ್ರಣದ ಬಗ್ಗೆ ತಾವು ಕಳಿಸಿದ 04-08-2025ರ ನೋಟಿಸಿಗೆ ಉತ್ತರ

ಮಾನ್ಯರೇ,

ತಮ್ಮ ನೋಟಿಸ್ ಆಗಸ್ಟ್ 7ರಂದು ನನ್ನ ಕೈಸೇರಿತು. ಉತ್ತರಕ್ಕೆ ತಾವು ಕೊಟ್ಟ 15 ದಿನದೊಳಗೇ ಬರೆಯುತ್ತಿದ್ದೇನೆ. ಕಾಯ್ದೆಯ ವಿಷಯವನ್ನು ತಿಳಿದವರ ಹತ್ತಿರ ಕೇಳಿಕೊಂಡಿದ್ದೇನೆ. ಆದರೆ ನಾನು ಬೆಟಗೇರಿಯಲ್ಲಿ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ ನಡೆಸುವವನು, ವಕೀಲನಲ್ಲ. ಹಾಗಾಗಿ ನಡೆದದ್ದನ್ನು ನನ್ನ ಮಾತಲ್ಲೇ ಹೇಳುತ್ತೇನೆ.

ತಮ್ಮ ಕಕ್ಷಿದಾರರು ನನಗೆ ಹೊಸಬರಲ್ಲ. ಆರು ವರ್ಷದಿಂದ ಅವರ ಶಾಲೆಯ ಡೈರಿ, ಫೀ ರಸೀದಿ ಪುಸ್ತಕ, ಅಂಕಪಟ್ಟಿ ಎಲ್ಲ ನಮ್ಮಲ್ಲೇ ಅಚ್ಚಾಗಿವೆ. ಒಮ್ಮೆಯೂ ತಕರಾರು ಬಂದಿರಲಿಲ್ಲ. ನೋಟಿಸ್ ನೋಡಿ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

21-04-2025ರಂದು 144 ಪುಟದ 1,200 ಡೈರಿಗಳಿಗೆ ಆರ್ಡರ್ ಬಂತು. ಒಂದಕ್ಕೆ ತೆರಿಗೆ ಸೇರಿ 85 ರೂಪಾಯಿ, ಒಟ್ಟು 1,02,000 ರೂಪಾಯಿ. ಮರುದಿನ ಚೆಕ್ ಮೂಲಕ 40,000 ರೂಪಾಯಿ ಮುಂಗಡ ಬಂತು. ಇಷ್ಟಕ್ಕೆ ಇಬ್ಬರದೂ ಒಪ್ಪಿಗೆ ಇದೆ.

ನೋಟಿಸಿನ 3ನೇ ಪ್ಯಾರಾದಲ್ಲಿ, ಮೇ 26ಕ್ಕೆ ಕೊಡುತ್ತೇನೆಂದು ಮಾತು ಕೊಟ್ಟು 11 ದಿನ ತಡ ಮಾಡಿದೆ ಎಂದಿದೆ. ಮೇ 26 ಎಂದು ಬರೆದಿದ್ದು ನಿಜ. ಆದರೆ ಕೊಟೇಶನ್ನಿನಲ್ಲಿ ಆ ಸಾಲು ಅಲ್ಲಿಗೇ ಮುಗಿಯುವುದಿಲ್ಲ. "ಪ್ರೂಫ್ ಮೇ 8ರೊಳಗೆ ಓಕೆ ಆಗಿ ಬಂದರೆ ಮೇ 26ಕ್ಕೆ ಡೆಲಿವರಿ, ತಡವಾದರೆ ಓಕೆ ಆದ ದಿನದಿಂದ 18 ದಿನ" ಎಂದಿದೆ. ಅದರ ಕೆಳಗೆ ಶಾಲೆಯ ಸೀಲು, ಸಹಿ ಎರಡೂ ಇವೆ.

ಪ್ರೂಫ್ ಅನ್ನು ನಾವು ಮೇ 2ರಂದೇ ಕೊಟ್ಟೆವು. ಅದು 31 ತಿದ್ದುಪಡಿ ಹೊತ್ತು ವಾಪಸ್ ಬಂದದ್ದು ಮೇ 17ಕ್ಕೆ. ತಿದ್ದಿ ಮೇ 19ಕ್ಕೆ ಮತ್ತೆ ಕೊಟ್ಟೆವು. ಮೇ 20ರ ರಾತ್ರಿ 9.40ಕ್ಕೆ ಶಾಲೆಯ ಆಫೀಸ್ ನಂಬರಿನಿಂದ "ಓಕೆ, ಪ್ರಿಂಟ್ ಮಾಡಿ" ಎಂದು ವಾಟ್ಸಾಪ್ ಬಂತು. ಪ್ರೂಫ್ ಓಕೆ ಆಗದೆ ಪ್ಲೇಟ್ ಮಾಡಿಸಲು ಬರುವುದಿಲ್ಲ, ಪ್ಲೇಟ್ ಇಲ್ಲದೆ ಮಷೀನ್ ಓಡುವುದಿಲ್ಲ. ಮೇ 20ರಿಂದ 18 ದಿನ ಎಂದರೆ ಜೂನ್ 7. ಜೂನ್ 4ಕ್ಕೆ 800, ಜೂನ್ 6ಕ್ಕೆ ಉಳಿದ 400 ಡೈರಿ ತಲುಪಿಸಿದ್ದೇವೆ. ಎರಡೂ ಚಲನ್ ಮೇಲೆ ಶಾಲೆಯವರ ಸಹಿ ಇದೆ, "ತಡವಾಗಿದೆ" ಎಂಬ ಷರಾ ಇಲ್ಲ. ಒಂದು ವೇಳೆ ತಡವೇ ಆಗಿದ್ದರೂ, ಸರಕು ಪಡೆಯುವಾಗಲೇ ಪರಿಹಾರ ಕೇಳುವುದಾಗಿ ತಿಳಿಸದಿದ್ದರೆ ಆಮೇಲೆ ಕೇಳಲು ಬರುವುದಿಲ್ಲ ಎಂದು ಭಾರತೀಯ ಕರಾರು ಕಾಯ್ದೆ 1872ರ 55ನೇ ಕಲಂ ಹೇಳುತ್ತದೆ.

4ನೇ ಪ್ಯಾರಾ 9ನೇ ಪುಟದ ರಜಾ ಪಟ್ಟಿಯ ಬಗ್ಗೆ. ಗಣೇಶ ಚತುರ್ಥಿ ಆಗಸ್ಟ್ 27 ಆಗಬೇಕಿತ್ತು, 26 ಎಂದು ಅಚ್ಚಾಗಿದೆ. ಇದು ನಿಜ. ಆದರೆ ಆ ಪಟ್ಟಿಯನ್ನು ಟೈಪ್ ಮಾಡಿ ಕೊಟ್ಟಿದ್ದು ಶಾಲೆಯೇ. ಅದರಲ್ಲೂ 26 ಎಂದೇ ಇದೆ. ಮೊದಲ ಪ್ರೂಫಿನ ಆ ಪುಟ ಈಗಲೂ ನನ್ನ ಬಳಿ ಇದೆ. ಪಟ್ಟಿಯಲ್ಲಿ ದಸರಾ ರಜೆಯ ದಿನಾಂಕವನ್ನು ನೀಲಿ ಪೆನ್ನಿನಿಂದ ಹೊಡೆದು ಹೊಸದು ಬರೆದಿದ್ದಾರೆ. ಚತುರ್ಥಿಯ ಸಾಲಿನ ಮುಂದೆ ಅದೇ ಪೆನ್ನಿನಲ್ಲಿ ರೈಟ್ ಗುರುತು ಹಾಕಿದ್ದಾರೆ. ಕ್ಯಾಲೆಂಡರ್ ತೆಗೆದು ನೋಡಿದ್ದರೆ ನಮ್ಮ ಡಿಟಿಪಿಯವರಿಗೂ ಗೊತ್ತಾಗುತ್ತಿತ್ತೇನೋ. ಆದರೆ ಕೊಟ್ಟ ಪಟ್ಟಿಯನ್ನು ಹಾಗೇ ಇಡುವುದು ನಮ್ಮ ಕೆಲಸ, ನೋಡಿ ಓಕೆ ಮಾಡುವುದು ಶಾಲೆಯ ಕೆಲಸ. ಹಾಗಿದ್ದೂ ವಿಷಯ ತಿಳಿದ ಕೂಡಲೇ 1,200 ತಿದ್ದುಪಡಿ ಸ್ಟಿಕ್ಕರ್ ಅಚ್ಚು ಹಾಕಿ ಜೂನ್ 16ಕ್ಕೆ ಕಳಿಸಿದೆ. ದುಡ್ಡು ಕೇಳಿಲ್ಲ. ಹಬ್ಬ ಇನ್ನೂ ಬಂದಿಲ್ಲ.

ಇನ್ನು ಬೈಂಡಿಂಗ್. ಇಲ್ಲಿ ತಪ್ಪು ನಮ್ಮದು. ಜೂನ್ 18ರಂದು ಶಾಲೆಯಿಂದ 46 ಡೈರಿ ವಾಪಸ್ ಬಂದವು. ಬಿಡಿಸಿ ನೋಡಿದೆ, ಬೆನ್ನಿನ ಕಡೆ ಗಮ್ ಸರಿಯಾಗಿ ಹಿಡಿದಿರಲಿಲ್ಲ, ಪುಟ ಎಳೆದರೆ ಕೈಗೇ ಬರುತ್ತಿತ್ತು. ಅಷ್ಟಕ್ಕೂ ಪಕ್ಕದಲ್ಲಿ ಹೊಲಿಗೆ ಹಾಕಿಸಿ, ಹೊಸ ಕವರ್ ಅಂಟಿಸಿ, ಜೂನ್ 23ಕ್ಕೆ ತಲುಪಿಸಿ ಸಹಿ ಪಡೆದಿದ್ದೇನೆ. ಅದಾದ ಮೇಲೆ ಒಂದೇ ಒಂದು ಡೈರಿ ವಾಪಸ್ ಬಂದಿಲ್ಲ, ಫೋನೂ ಬಂದಿಲ್ಲ.

ಹಾಗಾಗಿ 5ನೇ ಪ್ಯಾರಾದಲ್ಲಿ "ಎಲ್ಲ ಡೈರಿಗಳೂ ಬಳಕೆಗೆ ಬಾರದಂತಾಗಿವೆ" ಎಂದಿರುವುದನ್ನು ನಾನು ಒಪ್ಪುವುದಿಲ್ಲ. ಇದಕ್ಕೆ ಪುರಾವೆ ನೋಟಿಸಿನ ಜೊತೆಗೇ ಇದೆ. ತಾವು ಲಗತ್ತಿಸಿದ ಝೆರಾಕ್ಸ್ ಪುಟದಲ್ಲಿ ಜುಲೈ 3ರ ದಿನಾಂಕ ಹಾಕಿ "ಗಣಿತದ ಹೋಂವರ್ಕ್ ಮಾಡಿಲ್ಲ" ಎಂದು ಟೀಚರ್ ಬರೆದಿದ್ದಾರೆ, ಕೆಳಗೆ ಪೋಷಕರು ಸಹಿ ಮಾಡಿದ್ದಾರೆ. ಡೈರಿ ಇರುವುದೇ ಇದಕ್ಕೆ ಅಲ್ವಾ? ಸರಕನ್ನು ಮಕ್ಕಳಿಗೆ ಹಂಚಿ, ದಿನವೂ ಬಳಸುತ್ತಿರುವಾಗ ಅದನ್ನು ಸ್ವೀಕರಿಸಿದಂತೆಯೇ ಆಗುತ್ತದೆ (ಸರಕು ಮಾರಾಟ ಕಾಯ್ದೆ 1930, 42ನೇ ಕಲಂ). ಮುಂಗಡ ಹಣ ವಾಪಸ್ ಕೊಡುವ ಪ್ರಶ್ನೆ ಬರುವುದಿಲ್ಲ.

ಶಾಲೆಯ ಹೆಸರಿಗೆ ಧಕ್ಕೆಯಾಯಿತೆಂದು ಕೇಳಿರುವ 2,50,000 ರೂಪಾಯಿ ಪರಿಹಾರವನ್ನೂ ನಾನು ಒಪ್ಪುವುದಿಲ್ಲ. ಇಡೀ ಆರ್ಡರಿನ ಎರಡೂವರೆ ಪಟ್ಟು ಹತ್ತಿರದ ಈ ಮೊತ್ತ ಹೇಗೆ ಬಂತು ಎಂಬ ಲೆಕ್ಕ ನೋಟಿಸಿನಲ್ಲಿಲ್ಲ. ಒಬ್ಬ ಪೋಷಕರ ದೂರಿನ ಪ್ರತಿಯೂ ಇಲ್ಲ. ದೂರದ, ಪರೋಕ್ಷ ನಷ್ಟಕ್ಕೆ ಕರಾರು ಕಾಯ್ದೆಯ 73ನೇ ಕಲಂ ಪರಿಹಾರ ಕೊಡಿಸುವುದಿಲ್ಲ.

ನೋಟಿಸಿನಲ್ಲಿ ಬಾರದ ಸಂಗತಿ ಒಂದಿದೆ. ಬಾಕಿ 62,000 ರೂಪಾಯಿ ನನಗೆ ಇನ್ನೂ ಬಂದಿಲ್ಲ. ನಮ್ಮ ಪ್ರೆಸ್ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಉದ್ದಿಮೆ. ಎಂಎಸ್‌ಎಂಇಡಿ ಕಾಯ್ದೆ 2006ರ 15ನೇ ಕಲಂ ಪ್ರಕಾರ ನಮ್ಮಂಥವರಿಗೆ ಹಣ ಕೊಡಲು 45 ದಿನಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ. ಬೈಂಡಿಂಗ್ ಸರಿಪಡಿಸಿಕೊಟ್ಟ ಜೂನ್ 23ರಿಂದ ಎಣಿಸಿದರೂ ಆ ಗಡುವು ಆಗಸ್ಟ್ 7ಕ್ಕೆ ಮುಗಿಯಿತು. ಬಾಕಿ ಬರಬೇಕಾದ ದಿನ ನೋಟಿಸ್ ಬಂತು. ಗಡುವು ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಲು 16ನೇ ಕಲಮಿನಲ್ಲಿ ಅವಕಾಶವಿದೆ. ಸದ್ಯಕ್ಕೆ ನಾನು ಬಡ್ಡಿ ಕೇಳುತ್ತಿಲ್ಲ.

ಕೋರ್ಟು ಕಚೇರಿ ಅಲೆಯಲು ನನಗೆ ಮನಸ್ಸಿಲ್ಲ, ತಮ್ಮ ಕಕ್ಷಿದಾರರಿಗೂ ಇರಲಿಕ್ಕಿಲ್ಲ. ಆದ್ದರಿಂದ ಇದನ್ನು ಅವರ ಮುಂದಿಡಿ. ತೊಂದರೆ ಕೊಟ್ಟ ಆ 46 ಡೈರಿಗಳ ಬೆಲೆ 3,910 ರೂಪಾಯಿಯನ್ನು, ರಿಪೇರಿ ಮಾಡಿಕೊಟ್ಟಿದ್ದರೂ, ಬಿಲ್ಲಿನಿಂದ ಬಿಡುತ್ತೇನೆ. ಉಳಿದ 58,090 ರೂಪಾಯಿಯನ್ನು ಸೆಪ್ಟೆಂಬರ್ 15ರೊಳಗೆ ಕೊಡಲಿ, ಬಡ್ಡಿಯ ಮಾತು ಎತ್ತುವುದಿಲ್ಲ. ಈ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಯಾವ ಡೈರಿಯ ಪುಟ ಕಿತ್ತು ಬಂದರೂ ಕಳಿಸಲಿ, ಮೂರು ದಿನದಲ್ಲಿ ಪುಕ್ಕಟೆ ಸರಿಮಾಡಿ ಕೊಡುತ್ತೇನೆ. ಮುಖ್ಯೋಪಾಧ್ಯಾಯಿನಿ ಮೇಡಂ ಅವರು ಕರೆದರೆ ಪ್ರೂಫ್ ಹಾಳೆಗಳನ್ನು ತೆಗೆದುಕೊಂಡು ಶಾಲೆಗೇ ಬರುತ್ತೇನೆ. ತಾವೂ ಜೊತೆಗಿದ್ದರೆ ಒಳ್ಳೆಯದೇ.

ಇದು ವ್ಯವಹಾರ ಮುಗಿಸಲು ಹೇಳಿದ ಮಾತು. ಇದರಿಂದ ನನ್ನ ಯಾವ ಹಕ್ಕನ್ನೂ ಬಿಟ್ಟುಕೊಟ್ಟಂತಾಗುವುದಿಲ್ಲ. ಸೆಪ್ಟೆಂಬರ್ 15ರೊಳಗೆ ಇತ್ಯರ್ಥವಾಗದಿದ್ದರೆ ಪೂರ್ತಿ ಬಾಕಿ ಮತ್ತು ಬಡ್ಡಿಗಾಗಿ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಸೌಲಭ್ಯ ಮಂಡಳಿಗೆ ಅರ್ಜಿ ಹಾಕಬೇಕಾಗುತ್ತದೆ. ನೋಟಿಸಿನಲ್ಲಿ ನಾನು ಮೇಲೆ ಸ್ಪಷ್ಟವಾಗಿ ಒಪ್ಪಿಕೊಂಡದ್ದನ್ನು ಬಿಟ್ಟು ಉಳಿದೆಲ್ಲ ಆರೋಪಗಳನ್ನು ಅಲ್ಲಗಳೆಯುತ್ತೇನೆ.

ಕೊಟೇಶನ್, ಎರಡೂ ಪ್ರೂಫುಗಳ 9ನೇ ಪುಟ, ಶಾಲೆ ಕೊಟ್ಟ ರಜಾ ಪಟ್ಟಿ, ಮೇ 20ರ ವಾಟ್ಸಾಪ್ ಸಂದೇಶದ ಪ್ರಿಂಟ್, ಡೆಲಿವರಿ ಮತ್ತು ರಿಪೇರಿ ಚಲನ್‌ಗಳು, ಬಿಲ್, ಉದ್ಯಮ್ ಪ್ರಮಾಣಪತ್ರ – ಇವುಗಳ ಪ್ರತಿ ಲಗತ್ತಿಸಿದ್ದೇನೆ. ಮೂಲ ಪ್ರತಿಗಳು ನನ್ನ ಬಳಿ ಇವೆ, ಯಾವಾಗ ಬೇಕಾದರೂ ಬಂದು ನೋಡಬಹುದು. ಭಾನುವಾರ ಬಿಟ್ಟು ಬೆಳಿಗ್ಗೆ 10ರಿಂದ ಪ್ರೆಸ್ಸಿನಲ್ಲೇ ಇರುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ)
ಬಸವರಾಜ
ಮಾಲೀಕ, ಆಫ್‌ಸೆಟ್ ಪ್ರೆಸ್
ಬೆಟಗೇರಿ, ಗದಗ